ಖಾಸಗಿ ಬಸ್ಸೂ ಬಚ್ಚಲ ಚಿಲಕವೂ

ಸೊಸೆಗೆ ಬಂದ ಕೊರಿಯರ್ ಅನ್ನು ನಾನು ಒಡೆದದ್ದು ತಪ್ಪೇ. ಒಳಗೇನಿತ್ತು ಎಂಬುದನ್ನು ಇಲ್ಲಿ ಬರೆದರೆ ಎರಡನೇ ತಪ್ಪಾಗುತ್ತದೆ. ಅವಳು ಕೂಗಾಡಲಿಲ್ಲ. “ಮಾವ, ಸ್ವಲ್ಪ ಪ್ರೈವಸಿ ಇರ್ಲಿ” ಎಂದಷ್ಟೇ ಹೇಳಿ ರೂಮಿಗೆ ಹೋದಳು. ಅಲ್ಲೇ ಬಣ್ಣ ಹಚ್ಚುತ್ತ ಕೂತಿದ್ದ ಆರು ವರ್ಷದ ಮೊಮ್ಮಗಳು ತಲೆಯೆತ್ತಿದಳು. “ತಾತ, ಪ್ರೈವಸಿ ಅಂದ್ರೇನು?”

ಮೂವತ್ತು ವರ್ಷ ಕಚೇರಿಯಲ್ಲಿ ಇಂಗ್ಲಿಷ್ ಸುತ್ತೋಲೆಗಳನ್ನು ಕನ್ನಡ ಮಾಡಿದವನು ನಾನು. “ಖಾಸಗಿತನ” ಎಂದೆ, ಕಡತ ಮುಚ್ಚಿದ ಧಾಟಿಯಲ್ಲಿ.

“ಖಾಸಗಿ ಬಸ್ ಥರಾನಾ?”

ಹೋದ ತಿಂಗಳಷ್ಟೇ ಅಂಥದೊಂದರಲ್ಲಿ ಊರಿಗೆ ಹೋಗಿದ್ದೆವು. ಅವಳು ಯಾರದೋ ಕುಂಬಳಕಾಯಿಯ ಮೇಲೆ, ಯಾರದೋ ಮಗು ನನ್ನ ತೊಡೆಯ ಮೇಲೆ. ಖಾಸಗಿತನವನ್ನು ತಕ್ಷಣ ಕೈಬಿಟ್ಟು “ಗೌಪ್ಯತೆ” ಎಂದೆ. ಅದೂ ಉಳಿಯಲಿಲ್ಲ. ಮಂತ್ರಿಗಳು ಗೌಪ್ಯತೆಯ ಪ್ರಮಾಣ ಮಾಡುವುದನ್ನು ಅವಳು ಟಿ.ವಿ.ಯಲ್ಲಿ ನೋಡಿದ್ದಾಳೆ, ಅದೂ ಸಾವಿರಾರು ಜನರ ಎದುರು, ಮೈಕಿನಲ್ಲಿ. ಕಡೆಗೆ “ಗುಟ್ಟು” ಎಂದದ್ದಕ್ಕೆ, “ಹಾಗಾದ್ರೆ ಅಮ್ಮ ಏನೋ ತಪ್ಪು ಮಾಡಿದಾಳೆ” ಎಂದು ಪಿಸುಗುಟ್ಟಿದಳು. ಗುಟ್ಟು ಎಂದೊಡನೆ ತಪ್ಪಿನ ವಾಸನೆ ಹಿಡಿಯುವುದು ನಮ್ಮ ಮನೆತನದ ಮೂಗು.

ಇದೇ ಪದಕ್ಕಾಗಿ 2012ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು, 80 ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 1954ರಲ್ಲಿ ಎಂಟು ನ್ಯಾಯಮೂರ್ತಿಗಳು ಆಡಿದ್ದ ಮಾತೊಂದು ಅಡ್ಡ ಇದ್ದುದರಿಂದ ಈ ಸಲ ಒಂಬತ್ತು ಜನ ಕೂರಬೇಕಾಯಿತು. ಅದು ಮೂಲಭೂತ ಹಕ್ಕೇ ಹೌದು ಎಂದು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು, 547 ಪುಟಗಳಲ್ಲಿ. ನನಗೆ ಸಿಕ್ಕಿದ್ದು ಒಂದು ಸಂಜೆ, ಒಂದು ಬಚ್ಚಲು.

“ಬಾ, ತೋರಿಸ್ತೀನಿ. ನಾನು ಒಳಗೆ ಹೋಗಿ ಚಿಲಕ ಹಾಕ್ಕೋತೀನಿ. ಬಚ್ಚಲಲ್ಲಿ ಜನ ಏನು ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಗುಟ್ಟೂ ಇಲ್ಲ, ತಪ್ಪೂ ಇಲ್ಲ. ಆದ್ರೂ ಬಾಗಿಲು ಹಾಕ್ತೀವಲ್ಲ, ಅದೇ ಪ್ರೈವಸಿ.” ನನ್ನ ಜಾಣತನಕ್ಕೆ ನಾನೇ ಬೆರಗಾಗಿ, ಒಳಹೊಕ್ಕು, ಚಿಲಕ ಜಡಿದು, ಬಕೆಟ್ ಮಗುಚಿಕೊಂಡು ಕೂತೆ.

“ತಾತ, ಏನ್ ಮಾಡ್ತಿದೀರಾ?”

“ಬಕೆಟ್ ಮೇಲೆ ಕೂತಿದೀನಿ.”

“ಹೇಳೇಬಿಟ್ರಲ್ಲ! ಪ್ರೈವಸಿ ಹೋಯ್ತಾ?”

ಪ್ರಶ್ನೆ ಭರ್ಜರಿಯಾಗಿತ್ತು. “ಇಲ್ಲ ಪುಟ್ಟಿ, ನಾನಾಗೇ ಹೇಳಿದ್ದು. ಹೇಳೋದು ಬಿಡೋದು ನನ್ನಿಷ್ಟ. ನೀನು ಸಂದಿಯಲ್ಲಿ ಇಣುಕಿದ್ರೆ ಹೋಗ್ತಿತ್ತು.”

ಬಾಗಿಲ ಕೆಳಗೆ ನಾಲ್ಕು ಪುಟ್ಟ ಬೆರಳು, ಆಮೇಲೆ ಒಂದು ಕಣ್ಣು ಕಾಣಿಸಿಕೊಂಡವು. “ಈಗ ಹೋಯ್ತಾ?”

“ಹೋಯ್ತು” ಎಂದು ಏಳಹೊರಟರೆ ಚಿಲಕ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ನನ್ನ ಗುದ್ದಾಟ ಕೇಳಿ ಹೆಂಡತಿ ಬಂದಳು. “ರೀ, ಯಾಕೆ ಇಷ್ಟು ಹೊತ್ತು? ಬೇದಿನಾ?” ಅವಳ ಗಂಟಲಿಗೆ ಎದುರುಮನೆಯವರೂ ಬಂದರು. ಮಜ್ಜಿಗೆಯಲ್ಲಿ ಮೆಂತ್ಯ ನುಂಗಿಸಿ ಎಂದರು ಅವರು. ಅವರ ಗಂಡ ದಾಳಿಂಬೆ ಸಿಪ್ಪೆಯ ಕಷಾಯದ ಪರ. ನನ್ನ ಹೊಟ್ಟೆಯ ಬಗ್ಗೆ ನನ್ನನ್ನು ಬಿಟ್ಟು ಉಳಿದವರೆಲ್ಲ ಚರ್ಚಿಸುತ್ತಿದ್ದರು. “ಹೊಟ್ಟೆ ಸರಿಯಾಗಿದೆ, ಮಗುವಿಗೆ ಪಾಠ ಹೇಳ್ತಿದ್ದೆ” ಎಂದು ಒಳಗಿಂದ ಕೂಗಿದೆ. ಹೊರಗೆ ಒಂದು ಗಳಿಗೆ ಮೌನ. “ತಲೆಗೇ ಹತ್ತಿರಬೇಕು” ಎಂದರು ಯಾರೋ. ಪರರ ಬಚ್ಚಲ ಬಾಗಿಲಲ್ಲಿ ವೈದ್ಯ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ; ಕೊರಿಯರ್ ಒಡೆದವನಿಗೆ ಉರಿಯುವ ಹಕ್ಕಿದೆಯೇ ಎಂಬುದು ಬೇರೆ ಮಾತು.

ಮಗ ಸ್ಕ್ರೂಡ್ರೈವರ್ ಹುಡುಕುವ ತನಕ ಬಕೆಟ್ಟೇ ಗತಿ. ಹಾಗೆ ಕೂತಾಗ ಊರಿನ ಬಚ್ಚಲು ನೆನಪಾಯಿತು. ಹದಿನಾಲ್ಕು ಜನರ ಮನೆಯಲ್ಲಿ ನಮ್ಮಮ್ಮನಿಗೆ ತನ್ನದೆಂಬ ಕೋಣೆ ಇರಲಿಲ್ಲ, ಪೆಟ್ಟಿಗೆಯ ಬೀಗದ ಕೈ ಕೂಡ ಅಜ್ಜಿಯ ಸೊಂಟದಲ್ಲಿ. ಮುಂಜಾನೆ ಹಂಡೆ ಒಲೆಗೆ ಹಸಿ ಸೌದೆ ತುರುಕಿ ಊದುತ್ತ ಕೂರುತ್ತಿದ್ದಳು. ಕಣ್ಣು ಕೆಂಪಗಿರುತ್ತಿತ್ತು. ಕೇಳಿದರೆ “ಹೊಗೆ ಕಣೋ” ಅನ್ನುತ್ತಿದ್ದಳು. ಒಣಸೌದೆ ಅಟ್ಟದ ತುಂಬ ಇತ್ತು.

ಚಿಲಕ ಬಿಚ್ಚಿ ನನ್ನನ್ನು ಈಚೆ ತಂದರು. ಸೊಸೆ ಕಾಫಿ ಕೊಟ್ಟಳು, ನಗು ತಡೆದುಕೊಂಡು. ಕೊರಿಯರ್ ವಿಷಯಕ್ಕೆ “ತಪ್ಪಾಯ್ತಮ್ಮ” ಎಂದೆ.

ಮೊಮ್ಮಗಳು ಪದವನ್ನು ಗಟ್ಟಿಯಾಗಿಯೇ ಕಲಿತಿದ್ದಾಳೆ. ನಿನ್ನೆ ಬೀಗರು ಫೋನ್ ಮಾಡಿದಾಗ ನಾನು ಒಳಗಿದ್ದೆ. ಹಾಲಿನಿಂದ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು: “ತಾತ ಪ್ರೈವಸಿಗೆ ಹೋಗಿದಾರೆ. ಬೆಳಿಗ್ಗೆಯಿಂದ ಇದು ಮೂರನೇ ಸಲ.”