ವಿಕ್ಟೋರಿಯಾ ಕಾಲದ ಮಾಡೆಮ್

"ಮಷೀನೇ ಓದಿದೆಯಲ್ಲ ಸ್ವಾಮಿ, ಇನ್ನು ನೀವೇನು ನೋಡೋದು?" ಎನ್ನುವವರು ಸಿಕ್ಕರೆ, 1880ರ ಆಸುಪಾಸಿನ ಇಂಗ್ಲಿಷ್ ಪುಸ್ತಕದ ಪುಟವೊಂದನ್ನು ಮುಂದಿಟ್ಟು ಕೂರಿಸಬೇಕು. ಒಂದು ಕಡೆ ಸ್ಕ್ಯಾನ್ ಮಾಡಿದ ಚಿತ್ರ, ಇನ್ನೊಂದು ಕಡೆ ಒಸಿಆರ್ ಓದಿಕೊಟ್ಟ ಪಠ್ಯ. ಅಲ್ಲಿ ಪಾದ್ರಿಯೊಬ್ಬರು `modem civilisation` ಬಗ್ಗೆ ಗಂಭೀರವಾಗಿ ಉಪದೇಶ ಮಾಡುತ್ತಿರುತ್ತಾರೆ. ಟೆಲಿಫೋನೇ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಪಾದ್ರಿಗಳಿಗೆ ಮಾಡೆಮ್ ಎಲ್ಲಿ ಸಿಕ್ಕಿತು? ಚಿತ್ರ ನೋಡಿದರೆ ಅಲ್ಲಿರುವುದು `modern`. ಶಾಯಿ ತುಸು ಹರಡಿ `r` ಹೋಗಿ `n`ಗೆ ಒರಗಿದೆ, ಯಂತ್ರ ಇಬ್ಬರನ್ನೂ ಸೇರಿಸಿ `m` ಎಂದು ಮದುವೆ ಮಾಡಿಸಿಬಿಟ್ಟಿದೆ.

`tbe` ಎಂದು ಓದಿದ್ದರೆ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆದು ಬೊಬ್ಬೆ ಹೊಡೆಯುತ್ತಿತ್ತು. `modem` ನಿಘಂಟಿನಲ್ಲಿರುವ ಮರ್ಯಾದಸ್ಥ ಪದ, ಅದಕ್ಕೆ ಸ್ಪೆಲ್‌ಚೆಕ್ ಸುಮ್ಮನೆ ದಾರಿ ಬಿಡುತ್ತದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗಾಗಿ 2000ದಿಂದ ಪುಟ ತಿದ್ದುತ್ತಿರುವ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಬಳಗ ಇಂಥ ಕಳ್ಳರಿಗೆ 'ಸ್ಟೆಲ್ತ್ ಸ್ಕ್ಯಾನೋ' ಎನ್ನುತ್ತದೆ. `bread arid butter` ಇದೇ ಗ್ಯಾಂಗಿನದು; `n` ಸೀಳಿ `r`, `i` ಆಗಿ, ಬೆಣ್ಣೆ ಹಚ್ಚಿದ್ದರೂ ಬ್ರೆಡ್ಡು ಬರಡಾಯಿತು. ಅರ್ಥ ಹಿಡಿದು ಸರಾಗವಾಗಿ ಓದುವವರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಅವರ ಮನಸ್ಸು ತಾನೇ `and` ಎಂದು ಓದಿಕೊಂಡಿರುತ್ತದೆ. ಅದಕ್ಕೇ ಆ ಬಳಗದವರು `1`, `l`, `I` ಮೂರೂ ಬೇರೆಬೇರೆಯಾಗಿ ಕಾಣುವ, ಪ್ರತಿ ಅಕ್ಷರಕ್ಕೂ ಸಮ ಅಗಲ ಕೊಡುವ ಫಾಂಟ್ ಹಾಕಿಕೊಳ್ಳುತ್ತಾರೆ. ಅಂಕಿ ಅಕ್ಷರಕ್ಕೆ ಅಂಟಿಕೊಂಡ ಜಾಗಗಳನ್ನು ಹುಡುಕಲು ಒಂದು ಬಲೆಯೂ ಇದೆ:

```
[a-z]1|1[a-z]
```

`wi1l` ಸಿಕ್ಕಿಬೀಳುತ್ತದೆ. ಪಾಪ, ನಿರಪರಾಧಿ `1st` ಕೂಡ ಠಾಣೆಗೆ ಬರುತ್ತದೆ, ವಿಚಾರಿಸಿ ಬಿಡಬೇಕು.

ಚಿತ್ರವನ್ನೇ ನಂಬೋಣವೆಂದರೆ ಅದೂ ಕೈಕೊಡುತ್ತದೆ. ಹಳೆಯ ಟೈಪ್‌ರೈಟರುಗಳಲ್ಲಿ ಅನೇಕಕ್ಕೆ ಒಂದರ ಕೀಲಿಯೇ ಇರಲಿಲ್ಲ. ಟೈಪಿಸ್ಟರು `l` ಒತ್ತಿ `l9l4` ಎಂದು ಮುಗಿಸುತ್ತಿದ್ದರು. ಅಂಥ ಕಾಗದದ ಮುಂದೆ ಎಷ್ಟು ಕಣ್ಣರಳಿಸಿದರೂ ಪ್ರಯೋಜನವಿಲ್ಲ. ಅಲ್ಲಿರುವುದು ಇಸವಿ ಎಂಬುದನ್ನು ತಲೆಯೇ ಹೇಳಬೇಕು.

ಕನ್ನಡದವರು ನಕ್ಕು ಸುಮ್ಮನಾಗುವ ಹಾಗಿಲ್ಲ. ಮಹಾಪ್ರಾಣದ ಕೆಳಗಿನ ಸಣ್ಣ ಸೀಳು ನೊಣದ ಹಿಕ್ಕೆಯಿಂದಲೂ ಹುಟ್ಟುತ್ತದೆ. 'ದನ ಕಾಯುವವ' ರಾತ್ರೋರಾತ್ರಿ 'ಧನ ಕಾಯುವವ'ನಾಗಿ ಖಜಾನೆ ಸೇರುತ್ತಾನೆ. ಇದನ್ನಾದರೂ ಚಿತ್ರ ನೋಡಿ ಹಿಡಿಯಬಹುದು. 'ಹಂಪಿ' ಮತ್ತು 'ಹ೦ಪಿ' ಹಿಡಿಯಿರಿ ನೋಡೋಣ! ಎರಡನೆಯದರಲ್ಲಿರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಕಣ್ಣಿಗೆ ಅವಳಿ ಜವಳಿ, ಕಂಪ್ಯೂಟರಿಗೆ ಅಪರಿಚಿತರು. 'ಹಂಪಿ' ಎಂದು ಹುಡುಕಿದರೆ ಆ ಪುಟ ಬರುವುದೇ ಇಲ್ಲ.

ಇಷ್ಟೆಲ್ಲ ದಾಟಿದ ಮೇಲೂ ಒಬ್ಬ ಅಪಾಯಕಾರಿ ಉಳಿದಿರುತ್ತಾನೆ: ಭಾಷೆ ಚೆನ್ನಾಗಿ ಬಲ್ಲ ಪ್ರೂಫ್ ರೀಡರು. ಲೇಖಕ ಹಳೆಯ ಕ್ರಮದಲ್ಲಿ `shew` ಎಂದು ಬರೆದಿದ್ದರೆ ಇವನು 'ಅಯ್ಯೋ ತಪ್ಪು' ಎಂದು `show` ಮಾಡಿಬಿಡುತ್ತಾನೆ. ವಿಕಿಸೋರ್ಸ್‌ನಲ್ಲಿ ಒಬ್ಬರು ತಿದ್ದಿ ಹಳದಿ ಮಾಡಿದ ಪುಟವನ್ನು ಅವರೇ ಹಸಿರು ಮಾಡುವಂತಿಲ್ಲ, ಬೇರೆಯವರೇ ನೋಡಬೇಕು. ಆ ಬೇರೆಯವರ ಅರ್ಧ ಕೆಲಸ ಮೊದಲಿನವರ ಪಾಂಡಿತ್ಯವನ್ನು ಅಳಿಸುವುದು.