ಗೌರವಧನ ಮೀಮಾಂಸೆ: ಖಾಸಬಾಗದ ಒಂದು ತರಬೇತಿಯನ್ನು ಕುರಿತು

ತಜ್ಞ ಯಾರು? ಬೆಳಗಾವಿಯ ಮೀಮಾಂಸಕರು ಇದಕ್ಕೆ ರೈಲ್ವೆ ವೇಳಾಪಟ್ಟಿಯಲ್ಲಿ ಉತ್ತರ ಹುಡುಕುತ್ತಾರೆ. ಖಾನಾಪುರದಿಂದ ಬಸ್ಸಿಗೆ ಬಂದವನು ‘ನಮ್ಮಾಂವ’. ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಅದೇ ಖಾನಾಪುರವನ್ನು ನಿದ್ದೆಗಣ್ಣಲ್ಲಿ ದಾಟಿ ಬಂದಿಳಿದವರು ತಜ್ಞರು. ಕುಂಬಾರಿಕೆಗೆಂದೇ ಖಾದಿ ಆಯೋಗದ ಸಂಸ್ಥೆಯೊಂದು ಖಾನಾಪುರದಲ್ಲಿದೆ. ಆದರೂ ಮಣ್ಣಿನ ವಿಷಯಕ್ಕೂ ಈ ಸೂತ್ರ ಸಡಿಲುವುದಿಲ್ಲ.

ಪ್ರಯೋಗಕ್ಕೆ ಖಾಸಬಾಗದ ಒಂದು ಕಾಲ್ಪನಿಕ ನೇಕಾರ ಸಹಕಾರಿ ಸಂಘವನ್ನು ತೆಗೆದುಕೊಳ್ಳೋಣ. ಸೀರೆಯ ಬಣ್ಣ ಒಗೆದಾಗ ಬಿಡುತ್ತಿದೆ. ಸದಸ್ಯರಿಗೆ ಬಣ್ಣಗಾರಿಕೆಯ ಪಾಠ ಬೇಕು. ಆಡಳಿತ ಮಂಡಳಿ ಬರೆದ ಆಮಂತ್ರಣದಲ್ಲಿ ‘ತಮ್ಮ ಅಮೂಲ್ಯ ಸಮಯ’ ಮೂರು ಸಲ ಬಂದಿತು, ಹೊತ್ತು ಒಂದು ಸಲವೂ ಬರಲಿಲ್ಲ. ‘ಯೋಗ್ಯ ಗೌರವಧನ’ ಎಂದಿತ್ತು, ಮೊತ್ತ ಇರಲಿಲ್ಲ. ದಿನ ಮಾತ್ರ ಖಚಿತ: ಭಾನುವಾರ. ಮಗ್ಗ ನಿಲ್ಲುವ ದಿನವೆಂದು ಆರಿಸಿದ್ದು. ಖಾಸಬಾಗದಲ್ಲಿ ಸಂತೆ ಕೂಡುವುದೂ ಅದೇ ದಿನವೆಂಬುದು, ತಜ್ಞರ ಆಟೋ ಬದನೆಕಾಯಿ ರಾಶಿಯ ಮುಂದೆ ನಿಂತಾಗ ಹೊಳೆಯಿತು.

ತಜ್ಞರು ಮೊದಲು ಕೇಳಿದ್ದು ಒಲೆ ಮತ್ತು ಪಾತ್ರೆ. ಬಣ್ಣ ಕುದಿಸದೆ ಬಣ್ಣದ ಪಾಠವಿಲ್ಲ. ಸಂಘ ಪ್ರೊಜೆಕ್ಟರ್, ಶಾಲು, ಹಾರ ಸಿದ್ಧಪಡಿಸಿತ್ತು. ಒಲೆಯ ಮಾತು ಪತ್ರದಲ್ಲೇ ಕೇಳಬೇಕಿತ್ತು.

ಈಗ ಶಾಸ್ತ್ರದ ಹೃದಯಭಾಗ. ಗೌರವಧನ 6,000 ರೂಪಾಯಿ, ನಗದು, ಲಕೋಟೆಯಲ್ಲಿ. ಗುಮಾಸ್ತ ಶೇಕಡಾ 10 ತೆರಿಗೆ ಮುರಿದು 5,400 ಇಟ್ಟಿದ್ದ. ವೃತ್ತಿಪರ ಶುಲ್ಕದ ಮೇಲಿನ ಈ ಕಡಿತಕ್ಕೆ, ಒಂದು ಆರ್ಥಿಕ ವರ್ಷದಲ್ಲಿ ಒಬ್ಬರಿಗೇ ಕೊಟ್ಟ ಒಟ್ಟು ಹಣ ಮಿತಿ ದಾಟಬೇಕು. 2025ರ ಏಪ್ರಿಲ್ 1ರಿಂದ ಆ ಮಿತಿ 30,000ದಿಂದ 50,000ಕ್ಕೆ ಏರಿದೆ. ತಜ್ಞರು ಆ ವರ್ಷ ಸಂಘದ ಮೆಟ್ಟಿಲು ಹತ್ತಿದ್ದು ಅದೇ ಮೊದಲು. 600 ಮರಳಿ ಲಕೋಟೆ ಸೇರಿತು.

ಆಗ ಎದ್ದದ್ದು ಒಂದು ರೂಪಾಯಿಯ ಪ್ರಶ್ನೆ. 5,000 ರೂಪಾಯಿ ಮೀರಿದ ರಸೀದಿಗೆ ರೆವಿನ್ಯೂ ಸ್ಟ್ಯಾಂಪ್ ಬೇಕು. ಭಾನುವಾರ ಅಂಚೆ ಕಚೇರಿ ಮುಚ್ಚಿರುತ್ತದೆ.

‘ಸರ್, ಸಹಿ ಮಾಡ್ರಿ, ನಾಳೆ ಹಚ್ಚತೇವಿ,’ ಎಂದ ಗುಮಾಸ್ತ.

‘ಸ್ಟ್ಯಾಂಪ್ ಹಚ್ಚಿದ ಮ್ಯಾಲ ಅದರ ಮ್ಯಾಲ ಸಹಿ ಮಾಡಬೇಕಲ್ರೀ,’ ಎಂದರು ಅಧ್ಯಕ್ಷರು.

ಪ್ಯಾನ್, ಖಾತೆ ಸಂಖ್ಯೆ, ಐಎಫ್ಎಸ್‌ಸಿ ಮೊದಲೇ ತರಿಸಿ ಬ್ಯಾಂಕಿಗೆ ಹಾಕಿದ್ದರೆ, ಪಾವತಿಯ ದಾಖಲೆ ತಾನಾಗಿಯೇ ಉಳಿಯುತ್ತಿತ್ತು. ರೈಲಿನ ಖರ್ಚು ಬೇರೆ: ಅದಕ್ಕೆ ಬೇರೆ ವೋಚರ್, ಜೊತೆಗೆ ಟಿಕೆಟಿನ ಪ್ರತಿ. ಸಂಘ ಬರುವ ಟಿಕೆಟು ಮಾತ್ರ ತೆಗೆಸಿತ್ತು. ಮರಳುವ ಟಿಕೆಟು ಯಾರ ಲೆಕ್ಕಕ್ಕೆ ಎಂಬ ಚರ್ಚೆ ಕುಂದಾ ಡಬ್ಬಿ ಕಟ್ಟುವಾಗಲೂ ನಡೆದಿತ್ತು. ತಜ್ಞರು ನಿಲ್ದಾಣದ ದಾರಿ ಕೇಳುತ್ತಿದ್ದರು.