ನಿಘಂಟಿನ ದೋಸ್ತ

ನಮ್ಮ ಕಡೆ ಮದುವೆಯಲ್ಲಿ ಅಕ್ಕಿಕಾಳು ಬೀಳುವುದಕ್ಕೂ ಹುಗ್ಗಿ ಎಲೆಗೆ ಬೀಳುವುದಕ್ಕೂ ನಡುವೆ ಒಂದು ಸಂದು ಇರುತ್ತದೆ. ಬಾಜಾದವರು ಬೀಡಿ ಸೇದಲು ಶಾಮಿಯಾನದ ಹಿಂದೆ ಹೋಗಿರುತ್ತಾರೆ. ಅಡುಗೆಯವರು ಇನ್ನೂ ಹತ್ತು ನಿಮಿಷ ಎಂದು ಮೂರನೇ ಸಲ ಹೇಳಿರುತ್ತಾರೆ. ಮೈಕು ಯಾರ ಕೈಯಲ್ಲೂ ಇರುವುದಿಲ್ಲ. ವರನ ಗೆಳೆಯನೊಬ್ಬ ಇಡೀ ಮದುವೆಗೆ ಬಂದಿರುವುದೇ ಆ ಸಂದಿಗಾಗಿ.

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಗೆಳೆಯರು ಗ್ಲಾಸು ಎತ್ತಿ ಹಿಡಿದು ಹಾರೈಸುತ್ತಾರಂತೆ. ನಮ್ಮ ವಳಕಮದಿನ್ನಿಯಲ್ಲಿ ಹಗಲು ಹನ್ನೆರಡಕ್ಕೆ, ಸ್ವಾಮಿಗಳು ವೇದಿಕೆಯ ಮೇಲೆ ಕೂತಿರುವಾಗ, ಗ್ಲಾಸು ಎತ್ತಿದವನನ್ನು ಜನ ಎತ್ತಿಕೊಂಡು ಹೋಗುತ್ತಾರೆ. ಆದ್ದರಿಂದ ಇಲ್ಲಿ ಎತ್ತುವುದು ಮೈಕು ಮಾತ್ರ. ಅದಕ್ಕೆ ‘ಎರಡು ಮಾತು’ ಎಂದು ಹೆಸರು.

ಈತ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಎಲ್ಲ ಊರುಗಳಲ್ಲೂ ಇದ್ದಾನೆ. ಬಿಳಿ ಅಂಗಿ, ಕಿಸೆಯಲ್ಲಿ ನಾಲ್ಕು ಮಡಿಕೆಯ ಹಾಳೆ, ಕಣ್ಣು ಸದಾ ಮೈಕಿನ ಕಡೆ. ಬಿ.ಎ. ಮುಗಿಸಿ ಕೆಲವು ವರ್ಷ ಧಾರವಾಡದಲ್ಲಿ ರೂಮು ಮಾಡಿಕೊಂಡು ಎಸ್‌ಡಿಎ, ಎಫ್‌ಡಿಎ, ಪಿಎಸ್‌ಐ ಎಂದು ಪರೀಕ್ಷೆಗಳಿಗೆ ಓದಿದವನು. ಗೈಡಿನಲ್ಲಿ ‘ಸಮಾನಾರ್ಥಕ ಪದಗಳು’ ಎಂಬ ಪಾಠ ಬಾಯಿಪಾಠವಾಯಿತು, ನೌಕರಿ ಆಗಲಿಲ್ಲ. ಕಲಿತದ್ದನ್ನು ಎಲ್ಲಾದರೂ ಇಳಿಸಬೇಕಲ್ಲ? ಗೆಳೆಯರ ಮದುವೆಗಳಲ್ಲಿ ಇಳಿಸುತ್ತಾನೆ. ಊರಿನವರು ಅವನಿಗೆ ಇಟ್ಟ ಹೆಸರು ನಿಘಂಟಿನ ದೋಸ್ತ.

ಗೆಳೆಯ ಎಂಬುದಕ್ಕೆ ಎಷ್ಟು ಪದ ಗೊತ್ತಿದೆಯೋ ಗೆಳೆತನ ಅಷ್ಟು ಗಟ್ಟಿ ಎಂಬುದು ಇವನ ನಂಬಿಕೆ. ಗೈಡಿನಲ್ಲಿ ಆ ಪದಗಳೆಲ್ಲ ಸಾಲಾಗಿ, ನಡುವೆ ಒಂದೊಂದು ಅಲ್ಪವಿರಾಮ ಇಟ್ಟುಕೊಂಡು, ಜಗಳವಿಲ್ಲದೆ ಕೂತಿದ್ದವು. ಮೈಕಿನ ಮುಂದೆ ಅವು ಹಾಗೆ ಕೂಡುವುದಿಲ್ಲ. ಹೋದ ಬೇಸಿಗೆಯ ಮದುವೆಯೊಂದರಲ್ಲಿ ಅದು ಪೂರಾ ಕಂಡಿತು.

ಶುರು ಮಾಡಿದ್ದು ‘ಮಿತ್ರ’ದಿಂದ. ಇದು ಸಭ್ಯ ಪದ, ಲಗ್ನಪತ್ರಿಕೆಯಲ್ಲೂ ‘ಬಂಧು ಮಿತ್ರರು’ ಎಂದೇ ಅಚ್ಚಾಗುತ್ತದೆ. ಅಲ್ಲಿಗೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಆದರೆ ಈತ ಪದಕ್ಕೆ ಮೂಲ ಹೇಳದೆ ಬಿಡುವವನಲ್ಲ. ಅಮರಕೋಶದಲ್ಲಿ ಮಿತ್ರ, ಸಖ, ಸುಹೃದ ಎಂಬ ಪದಗಳು ಬರುವುದು ಪ್ರೀತಿ ಪ್ರೇಮದ ಭಾಗದಲ್ಲಲ್ಲ, ಕ್ಷತ್ರಿಯವರ್ಗದಲ್ಲಿ, ರಾಜರು ಮಂತ್ರಿಗಳು ಶತ್ರುಗಳ ನಡುವೆ ಎಂದ. ಮಾತು ನಿಜ. ಕೌಟಿಲ್ಯನ ಅರ್ಥಶಾಸ್ತ್ರದ ಲೆಕ್ಕವೂ ಅದೇ: ನಿನ್ನ ಸೀಮೆಗೆ ಹತ್ತಿಕೊಂಡ ಸೀಮೆಯ ರಾಜ ನಿನಗೆ ಸಹಜ ಶತ್ರು, ಅವನಾಚೆಯ ರಾಜ ನಿನಗೆ ಮಿತ್ರ. ಮಿತ್ರನಾಗಲು ಗುಣ ಬೇಕಿಲ್ಲ, ಹೊಲ ಎಲ್ಲಿದೆ ಎಂಬುದು ಮುಖ್ಯ.

ಇದನ್ನು ಕೇಳುತ್ತಿದ್ದವರು ರೈತರು. ಬದುವಿನ ಮಾತು ಬಂದರೆ ಅವರಿಗೆ ಕೌಟಿಲ್ಯ ಬೇರೆ ಬೇಕಿಲ್ಲ. ಮುಂದಿನ ಸಾಲಿನ ಕುರ್ಚಿಯಿಂದ ಒಬ್ಬ ಹಿರಿಯರು ಎದ್ದರು.

“ತಮ್ಮಾ, ನಿನ್ನ ಹೊಲ ಮದುಮಗನ ಹೊಲಕ್ಕ ಹತ್ತೇ ಐತಲ್ಲೋ?”

“ಹೌದ್ರೀ ಕಾಕಾ.”

“ಮತ್ತ ನೀನು ಹೇಳಿದ ಲೆಕ್ಕದಾಗ ನೀ ಅವಗ ವೈರಿ ಆದಿ. ಮಿತ್ರ ಅಂದ್ರ ನಿನ್ನಾಚಿಗಿರೋ ನಾನು.”

ಶಾಮಿಯಾನ ನಕ್ಕಿತು. ಸ್ವಾಮಿಗಳೂ ಶಾಲಿನ ಮರೆಯಲ್ಲಿ ನಕ್ಕರು. ಈತ ಸಾವರಿಸಿಕೊಂಡು, ಹಳೆಯ ರಾಜರ ಮಾತು ಬಿಡಿ, ಈಗಿನ ಕಾಲದ ಮಿತ್ರಪಕ್ಷದ ಹಾಗೆ ನಾನು ವರನಿಗೆ ಬೆಂಬಲವಾಗಿ ನಿಲ್ಲುತ್ತೇನೆ ಎಂದ. ಮಸ್ಕಿ ಕ್ಷೇತ್ರದಲ್ಲಿ ಹೇಳಬಾರದ ಮಾತು ಯಾವುದಾದರೂ ಇದ್ದರೆ ಇದೇ. 2018ರ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿ ಬಿಜೆಪಿಯ ಅಭ್ಯರ್ಥಿಯನ್ನು ಬರೀ 213 ಮತಗಳಿಂದ ಸೋಲಿಸಿದರು. 2021ರ ಉಪಚುನಾವಣೆ ಬರುವ ಹೊತ್ತಿಗೆ ಗೆದ್ದವರು ಬಿಜೆಪಿಯಲ್ಲಿದ್ದರು, ಸೋತವರು ಕಾಂಗ್ರೆಸ್ಸಿನಲ್ಲಿದ್ದರು. ಮತ್ತೆ ಅವರಿಬ್ಬರೇ ಎದುರುಬದುರು. ಫಲಿತಾಂಶ ತಿರುಗಿ ಬಿತ್ತು. ಮತದಾರನಿಗೆ ವೈರ ಹಾಗೇ ಇತ್ತು, ಚಿಹ್ನೆ ಮಾತ್ರ ಅದಲುಬದಲು. ಅಂಥ ಕ್ಷೇತ್ರದ ಜನರ ಮುಂದೆ ‘ಬೆಂಬಲ’ ಎಂದೊಡನೆ ಹಿಂದಿನಿಂದ ಒಂದು ಹುಡುಗದನಿ ಕೇಳಿತು: “ಯಾವಾಗ ವಾಪಸ್ ತಗೋತಿ?”

ಇಷ್ಟಾದ ಮೇಲೆ ಬೇರೆ ಯಾರಾದರೂ ಶುಭವಾಗಲಿ ಎಂದು ಮೈಕು ಕೊಟ್ಟು ಇಳಿಯುತ್ತಿದ್ದರು. ಈತನ ಹಾಳೆಯಲ್ಲಿ ಇನ್ನೂ ಮೂರು ಮಡಿಕೆ ಬಾಕಿ ಇತ್ತು.

‘ಸಂಗಾತಿ’ ಎಂದ. ಅಷ್ಟೊತ್ತು ತಲೆ ತಗ್ಗಿಸಿ ಕೂತಿದ್ದ ಮದುಮಗಳು ಮೊದಲ ಸಲ ತಲೆ ಎತ್ತಿ ಇವನನ್ನು ನೋಡಿದಳು. ಆ ಪದ ಈಗ ಹೆಚ್ಚೂಕಮ್ಮಿ ‘ಬಾಳಸಂಗಾತಿ’ಯ ಸೊತ್ತಾಗಿ ಹೋಗಿದೆ. ಕೆಂಪು ಬಾವುಟದ ಸಭೆಯಲ್ಲಿ ‘ಸಂಗಾತಿಗಳೇ’ ಎಂದರೆ ನಡೆಯುತ್ತದೆ, ಹಂದರದಲ್ಲಿ ನಡೆಯುವುದಿಲ್ಲ. ಸರಿ, ‘ಗೆಣೆಕಾರ’ ಎಂದ. ಗೆಣೆ ಎಂದರೆ ಹಳಗನ್ನಡದಲ್ಲಿ ಜೋಡಿ, ಸ್ನೇಹ. ಗೈಡಿನಲ್ಲಿ ಅಷ್ಟೇ ಇತ್ತು. ಹಳ್ಳಿಯ ಬಾಯಲ್ಲಿ ಆ ಪದ ಬಹಳ ಹಿಂದೆಯೇ ಹಿತ್ತಲ ಬಾಗಿಲಿನಿಂದ ಬರುವವನ ಹೆಸರಾಗಿದೆ ಎಂದು ಗೈಡು ಬರೆದವರು ತಿಳಿಸಿರಲಿಲ್ಲ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ, “ಯವ್ವಾ, ಏನಂದ ಇವ?” ಎಂದು ಕೇಳಿ, ಉತ್ತರ ಕಿವಿಗೆ ಬಿದ್ದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡಳು.

ಅದನ್ನು ಮುಚ್ಚಲು ಕರ್ಣನನ್ನು ಕರೆದುಕೊಂಡು ಬಂದ. ಸ್ನೇಹದ ಮಾತು ಬಂದಾಗ ಕನ್ನಡದ ಭಾಷಣಕಾರ ಕರ್ಣನ ಬಳಿ ಹೋಗದೆ ಇರಲಾರ. ಪಂಪನ ಕಾಲದಿಂದಲೂ, ಅಂದರೆ ಸಾವಿರ ವರ್ಷ ದಾಟಿದ ಮೇಲೂ, ನಮಗೆ ಗೆಳೆಯ ಎಂದರೆ ಕರ್ಣ ದುರ್ಯೋಧನರೇ. ಆದರೆ ಮದುವೆಗೆ ಆರಿಸಿಕೊಂಡ ಕತೆ ಪಗಡೆಯದು: ಗೆಳೆಯನ ಹೆಂಡತಿ ಭಾನುಮತಿಯ ಜೊತೆ ಆಟ, ಮುತ್ತಿನ ಹಾರ ಹರಿದು ಮುತ್ತು ಚೆಲ್ಲಿದ್ದು, ಆದರೂ ಗಂಡ ಸಂಶಯಪಡದೆ ಇದ್ದದ್ದು. ಅಲ್ಲಿ ಯಾರ ಜೊತೆ ಯಾರು ಆಡುತ್ತಿದ್ದರು ಎಂದು ಪಂಡಿತರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಮದುಮಗಳ ಸೋದರಮಾವನಿಗೆ ಆ ಚರ್ಚೆಯೆಲ್ಲ ಬೇಕಿರಲಿಲ್ಲ. ಹೊಸ ಹೆಂಡತಿ, ಗಂಡನ ಗೆಳೆಯ, ಹರಿದ ಹಾರ, ಇಷ್ಟು ಕೇಳಿಸಿಕೊಂಡವನೇ ಕುರ್ಚಿಯ ತುದಿಗೆ ಬಂದು ಕೂತು ತೋಳು ಮಡಚಿದ.

ಇನ್ನು ‘ಸಖ’. ಇದರಿಂದ ಅವನನ್ನು ಇಳಿಸಿದವರು ನಿವೃತ್ತ ಕನ್ನಡ ಮಾಸ್ತರು. ಅವರು ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಹೇಳಿದರು: “ಸಪ್ತಪದಿಯೊಳಗ ಏಳನೇ ಹೆಜ್ಜಿ ಸಖ್ಯಕ್ಕಂತ ಇಡ್ತಾರಪ. ಅಲ್ಲಿಗೆ ಸಖ ಅನ್ನೋ ಪಟ್ಟ ಹೆಣ್ಣಿಗೆ ಹೋತು. ನಿನಗಿಲ್ಲ.” ನಮ್ಮ ಭಾಗದ ಎಷ್ಟೋ ಮದುವೆಗಳಲ್ಲಿ ಸಪ್ತಪದಿ ಇರುವುದಿಲ್ಲ, ಅಕ್ಕಿಕಾಳು ಬಿದ್ದರೆ ಮುಗಿಯಿತು. ಈ ಮದುವೆಯಲ್ಲೂ ಇರಲಿಲ್ಲ. ಆದರೆ ಮಾಸ್ತರ ಮಾತಿಗೆ ಎದುರಾಡುವ ಧೈರ್ಯ ಅವರ ಹಳೆಯ ವಿದ್ಯಾರ್ಥಿಗೆ ಎಲ್ಲಿಂದ ಬರಬೇಕು?

ಉಳಿದದ್ದು ‘ಆಪ್ತ’. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಭಾರಿ ಅಪಾಯದ ಪದ ಇದೇ. ಮಿತ್ರನೆಂದು ಹೇಳಿಕೊಳ್ಳಲು ಜೊತೆಗೆ ತೆಗೆಸಿದ ಒಂದು ಫೋಟೊ ಸಾಕು, ಅದು ಹೇಗೂ ಬಾಗಿಲಿನ ಫ್ಲೆಕ್ಸಿನಲ್ಲಿರುತ್ತದೆ. ಆಪ್ತನೆನ್ನಬೇಕಾದರೆ ಗುಟ್ಟು ಗೊತ್ತಿರಬೇಕು. ಗೊತ್ತಿದೆ ಎಂದು ಸಭೆಗೆ ತೋರಿಸಬೇಕಾದರೆ ಅದನ್ನು ಹೇಳಬೇಕು. ಹೇಳಿದ ಗಳಿಗೆಗೆ ಆಪ್ತನಾಗಿ ಉಳಿಯುವುದಿಲ್ಲ. ಸಂಸ್ಕೃತ ನಾಟಕಗಳ ರಾಜರಿಗೆ ಇದು ಗೊತ್ತಿತ್ತು. ದುಷ್ಯಂತ ತನ್ನ ವಿದೂಷಕನನ್ನು ‘ವಯಸ್ಯ’ ಎಂದು ಬಾಯ್ತುಂಬ ಕರೆಯುತ್ತಾನೆ, ಶಕುಂತಲೆಯ ವಿಷಯವನ್ನೆಲ್ಲ ಅವನಿಗೆ ಹೇಳಿಕೊಳ್ಳುತ್ತಾನೆ. ಆಮೇಲೆ ಅವನನ್ನು ಅರಮನೆಗೆ ಕಳಿಸುವಾಗ, ಇವನು ಅಂತಃಪುರದಲ್ಲಿ ಬಾಯಿ ಬಿಟ್ಟಾನೆಂದು ಹೆದರಿ, ಅದೆಲ್ಲ ತಮಾಷೆಗೆ ಹೇಳಿದ್ದು, ನಿಜವೆಂದು ತಿಳಿಯಬೇಡ ಎಂದುಬಿಡುತ್ತಾನೆ. ನಮ್ಮ ಮದುಮಗನಿಗೆ ಕಾಳಿದಾಸನನ್ನು ಓದುವ ಅವಕಾಶ ಸಿಕ್ಕಿರಲಿಲ್ಲ.

“ನಾನು ಇವನ ಆಪ್ತ,” ಎಂದು ಈತ ದನಿ ಇಳಿಸಿದ. ಮೈಕಿನಲ್ಲಿ ದನಿ ಇಳಿಸಿದರೆ ಊರೆಲ್ಲ ಕಿವಿ ನಿಮಿರಿಸುತ್ತದೆ. “ಹೆಣ್ಣು ನೋಡಿ ಬಂದ ರಾತ್ರಿ ಕಾಲುವಿ ದಂಡಿಮ್ಯಾಲ ಕುಂತಾಗ ಇವ ನನ್ನ ಕಿವ್ಯಾಗ ಒಂದು ಮಾತು ಹೇಳಿದ. ಮಾವನವರ ಬಗ್ಗೆ…”

ಮಾವನವರು ಎರಡನೇ ಸಾಲಿನಲ್ಲಿದ್ದರು. ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ನೆಟ್ಟಗೆ ಕೂತರು. ಮದುಮಗ ಬಾಸಿಂಗ ಕಟ್ಟಿಕೊಂಡೇ ಎದ್ದು ನಿಂತ. ಅವನು ಆಗ ಕೂಗಿದ ಪದ ಯಾವ ಗೈಡಿನಲ್ಲೂ ಗೆಳೆಯನಿಗೆ ಪರ್ಯಾಯವಾಗಿ ಇಲ್ಲ, ಆದರೆ ನಮ್ಮ ಸೀಮೆಯಲ್ಲಿ ಬೇರೆ ಯಾರನ್ನೂ ಅಷ್ಟು ಸಲಿಗೆಯಿಂದ ಹಾಗೆ ಕರೆಯಲು ಆಗುವುದಿಲ್ಲ. ಸೌಂಡಿನ ಹುಡುಗ ಜಾಣ. ಮೈಕಿನ ವೈರು ಕಿತ್ತು ಹಾಡು ಹಚ್ಚಿಬಿಟ್ಟ. ಅಡುಗೆಯವರಿಗೂ ಅದೇ ಗಳಿಗೆಗೆ ಹುಗ್ಗಿ ಆಯಿತು.

ಇಷ್ಟು ಪದಗಳ ನಡುವೆ ‘ದೋಸ್ತ’ ಎಂಬುದನ್ನು ಮಾತ್ರ ಈತ ಬಾಯಿಂದ ಆಡಿರಲಿಲ್ಲ. ಅದು ಉರ್ದು, ಭಾಷಣಕ್ಕೆ ಬರುವುದಿಲ್ಲ ಎಂದು ಅವನ ಅಭಿಪ್ರಾಯ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯಲ್ಲಿ ದಫ್ತರ, ತಕರಾರು, ಜಮೀನುಗಳ ಜೊತೆ ದೋಸ್ತನೂ ಮನೆಮಾತಾಗಿ ಎಷ್ಟೋ ತಲೆಮಾರಾಯಿತು. ಮದುಮಗ ಇವನನ್ನು ಕರೆಯುವುದು ಹಾಗೆಯೇ, ಸಿಟ್ಟಿಲ್ಲದ ದಿನಗಳಲ್ಲಿ. ತಮಾಷೆಗೆ ಬಂದರೆ ‘ಮಾವಾ’ ಎನ್ನುತ್ತಾನೆ, ಇವನು ‘ಏನೋ ಅಳಿಯಾ’ ಎನ್ನುತ್ತಾನೆ. ಇಬ್ಬರಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಹಿಂದಿನ ರಾತ್ರಿ ಮಂಡಕ್ಕಿ ಚೀಲ ಹೊತ್ತವನು, ಬೀಗರ ಟ್ರ್ಯಾಕ್ಸು ಕೆಟ್ಟಾಗ ನಡುರಾತ್ರಿ ಮಸ್ಕಿಗೆ ಬೈಕಿನಲ್ಲಿ ಹೋಗಿ ಮೆಕ್ಯಾನಿಕ್‌ನನ್ನು ಎಬ್ಬಿಸಿ ತಂದವನು ಇವನೇ. ಆ ಹೊತ್ತಿನಲ್ಲಿ ಅವನ ಬಾಯಿಂದ ಒಂದೇ ಒಂದು ಸಮಾನಾರ್ಥಕ ಪದ ಬಂದದ್ದನ್ನು ಯಾರೂ ಕೇಳಿಲ್ಲ.

ಉಂಡು ಎದ್ದು ಮುಯ್ಯಿ ಮಾಡಲು ಹೋದ. ಅಲ್ಲಿ ಮೇಜು ಹಾಕಿಕೊಂಡು ಕೂತವರು ನೋಟು ಎಣಿಸಿ, ಉದ್ದನೆಯ ವಹಿಯಲ್ಲಿ ಹೆಸರು, ಊರು, ಸಂಬಂಧ, ಮೊತ್ತ ಎಂದು ನಾಲ್ಕು ಅಂಕಣ ತುಂಬುತ್ತಿದ್ದರು. ಮುಂದೆ ಕೊಟ್ಟವರ ಮನೆಯ ಮದುವೆಗೆ ಅಷ್ಟನ್ನೇ ತಿರುಗಿ ಹಾಕಬೇಕಾದ್ದರಿಂದ ಆ ವಹಿಯನ್ನು ಎಲ್ಲರೂ ಜೋಪಾನವಾಗಿ ಇಡುತ್ತಾರೆ.

“ಸಂಬಂಧ ಏನಂತ ಬರಿಲೋ?” ಎಂದರು ಬರೆಯುವವರು.

ಈತ ಕಿಸೆಯ ಹಾಳೆ ಹೊರಗೆ ತೆಗೆದ. ಹಿಂದೆ ಸಾಲು ಬೆಳೆದಿತ್ತು, ಲಿಂಗಸುಗೂರಿನ ಬಸ್ಸು ಹಾರ್ನು ಹೊಡೆಯುತ್ತಿತ್ತು. ಅವರು ಒಂದು ಗಳಿಗೆ ಕಾದು, ಅಂಕಣದಲ್ಲಿ ‘ಇತರೆ’ ಎಂದು ಬರೆದು, 501 ಹಾಕಿ, ಕೆಳಗೆ ಗೆರೆ ಎಳೆದರು.

“ಕಾಕಾ, ಅದು ಸರಿ ಅಲ್ರೀ,” ಎಂದ ಈತ.

“ಜಾಗ ಸಣ್ಣದೈತಪ,” ಎಂದರು ಅವರು. “ಸರಿ, ಹಿಂದಿನವರು ಬರ್ಲಿ.”